ದೀಪಾವಳಿಗೆ ಬಂದ ಗಿರಾಕಿ ಮತ್ತೆ ಬಂದರಾ? ಹೀಗೆ ಲೆಕ್ಕ ಹಾಕಿ

ಆನ್‌ಲೈನ್‌ನಲ್ಲಿ ಚಟ್ನಿಪುಡಿ, ಹಪ್ಪಳ ಮಾರುವ ಸಣ್ಣ ಅಂಗಡಿಯೊಂದು ಇದೆ ಅಂದುಕೊಳ್ಳಿ. ಜೂನ್‌ನಲ್ಲಿ 40 ಮಂದಿ ಮೊದಲ ಸಲ ಕೊಂಡರು. ದೀಪಾವಳಿಯ ಅಕ್ಟೋಬರ್‌ನಲ್ಲಿ 100 ಮಂದಿ. ವ್ಯಾಪಾರ ಜೋರಾಯ್ತು ಅನ್ನಿಸುತ್ತೆ. ಆದರೆ ಮೊದಲ ಖರೀದಿಯ ತಿಂಗಳು ನೋಡಿ ಗಿರಾಕಿಗಳನ್ನು ಗುಂಪು ಮಾಡಿದರೆ ಚಿತ್ರವೇ ಬೇರೆ. ಮೂರು ತಿಂಗಳೊಳಗೆ ಮತ್ತೆ ಕೊಂಡವರು ಜೂನ್ ಗುಂಪಿನಲ್ಲಿ 14, ಅಕ್ಟೋಬರ್ ಗುಂಪಿನಲ್ಲಿ ಬರೀ 12. ನೂರಕ್ಕೆ 35 ಎಲ್ಲಿ, 12 ಎಲ್ಲಿ!

ಒಬ್ಬ ಹೊಸ ಗಿರಾಕಿಯನ್ನು ತರಲು ಜಾಹೀರಾತಿಗೆ 80 ರೂಪಾಯಿ ಹೋಗಿ, ಮೊದಲ ಆರ್ಡರ್‌ನಲ್ಲಿ ಉಳಿಯೋದು 50 ಮಾತ್ರ ಆದರೆ, ಅವರು ಮತ್ತೆ ಬರದಿದ್ದರೆ 30 ರೂಪಾಯಿ ಕೈಯಿಂದಲೇ ಹೋಯ್ತು. ಹಬ್ಬದ ಆರ್ಡರ್‌ಗಳನ್ನು ತೆಗೆದು ನೋಡಬೇಕು: ಹಣ ಕೊಟ್ಟವರು ಒಬ್ಬರು, ಪಾರ್ಸೆಲ್ ಹೋದ ವಿಳಾಸ ಇನ್ನೊಬ್ಬರದು ಅಂತಿದ್ದರೆ ಬಹುಶಃ ಅದು ಉಡುಗೊರೆ. ಅಂಥವರು ಮುಂದಿನ ಹಬ್ಬದವರೆಗೂ ಬರದೇ ಇರಬಹುದು, ರುಚಿಯ ದೋಷ ಅಂತ ಗಾಬರಿ ಬೇಡ.

ಹಲವರು ಎಡವೋದು ಒಂದು ಕಡೆ. ಜೂನ್‌ನವರಿಗೆ ಐದು ತಿಂಗಳು, ಅಕ್ಟೋಬರ್‌ನವರಿಗೆ ಒಂದೇ ತಿಂಗಳು ಆಗಿರುವಾಗ ನವೆಂಬರ್‌ನಲ್ಲೇ ಹೋಲಿಸುತ್ತಾರೆ. ಪ್ರತಿ ಗಿರಾಕಿಗೂ ಮೊದಲ ಖರೀದಿಯಿಂದ ಮೂರು ತಿಂಗಳು ತುಂಬಬೇಕು. ಗಿರಾಕಿಯನ್ನು ಹೆಸರಿನಿಂದಲ್ಲ, ಮೊಬೈಲ್ ನಂಬರ್‌ನಿಂದ ಗುರುತಿಸಿ. ವಾಪಸ್ ಬಂದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳನ್ನು ಖರೀದಿ ಅಂತ ಎಣಿಸಬೇಡಿ.