ಸರ ಒಂದೇ, ಅಪರಾಧ ನಾಲ್ಕು

ನೆರೆಮನೆಯವರು ಮದುವೆಗೆಂದು ಊರಿಗೆ ಹೋಗಿದ್ದಾಗ ಬೀರುವಿನಲ್ಲಿದ್ದ ಚಿನ್ನದ ಸರ ಮಾಯವಾಯಿತು. ಕನ್ನಡದ ಮೇಷ್ಟ್ರೆಂಬ ಕಾರಣಕ್ಕೆ ದೂರು ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂದಿತು. 'ಮನೆ ದರೋಡೆಯಾಗಿದೆ' ಎಂದು ಗಂಭೀರವಾಗಿಯೇ ಆರಂಭಿಸಿದೆ. ಠಾಣೆಯಲ್ಲಿದ್ದವರು ಅದನ್ನೋದಿ, "ಯಾರನ್ನು ಹೊಡೆದರು ಸ್ವಾಮಿ?" ಎಂದು ಕೇಳಿದರು. ಮನೆಯಲ್ಲಿ ಯಾರೂ ಇರಲಿಲ್ಲವೆಂದೆ. "ಹಾಗಾದರೆ ದರೋಡೆ ಎಲ್ಲಿಂದ ಬಂತು? ಕಳವು ಎನ್ನಿ" ಎಂದರು. ಎಂ.ಎ. ಪದವಿ ಅಂದು ನನ್ನ ನೆರವಿಗೆ ಬರಲಿಲ್ಲ.

ಕಳವು, ಸುಲಿಗೆ, ದರೋಡೆ, ಡಕಾಯಿತಿ ಎಂಬ ಮಾತುಗಳನ್ನು ನಾವೂ ಪತ್ರಿಕೆಗಳೂ ಮನಬಂದಂತೆ ಬೆರೆಸುತ್ತೇವೆ. ಕಾನೂನು ಬೆರೆಸುವುದಿಲ್ಲ. 1860ರ ದಂಡ ಸಂಹಿತೆ ಹಾಕಿದ ಗೆರೆಗಳನ್ನೇ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಬಹುಮಟ್ಟಿಗೆ ಉಳಿಸಿಕೊಂಡಿದೆ. ಆ ಸರವನ್ನೇ ಹಿಡಿದು ಈ ಗೆರೆಗಳನ್ನು ಗುರುತಿಸೋಣ.

ಬೀರುವಿನಿಂದ ಸರ ಹೋದದ್ದು ಕಳವು. ವಸ್ತು ಚರ ಸ್ವತ್ತಾಗಿರಬೇಕು, ಇನ್ನೊಬ್ಬರ ವಶದಲ್ಲಿರಬೇಕು, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಅದನ್ನು ಕದಲಿಸಿರಬೇಕು. ಕದಲಿಸಿದರೆ ಸಾಕು, ಬಾಗಿಲು ದಾಟಬೇಕೆಂದಿಲ್ಲ. 'ವಶ' ಎಂಬ ಮಾತನ್ನು ಗಮನಿಸಬೇಕು. ಒಡೆತನ ಎಂದು ಅಲ್ಲಿ ಹೇಳಿಲ್ಲ. ದುರಸ್ತಿಯ ಹಣ ಬರುವವರೆಗೆ ಗಡಿಯಾರವನ್ನು ಅಂಗಡಿಯವನು ಹಕ್ಕಿನಿಂದ ಇಟ್ಟುಕೊಂಡಿದ್ದಾನೆ. ಆ ಹಣವನ್ನು ತಪ್ಪಿಸಲೆಂದು ಒಡೆಯನೇ ಅದನ್ನು ಮೆಲ್ಲನೆ ಎತ್ತಿಕೊಂಡು ಹೋದರೆ, ತನ್ನದೇ ಗಡಿಯಾರದ ಕಳ್ಳನಾಗುತ್ತಾನೆ! ಹಿಂದಿರುಗಿಸುವ ಮನಸ್ಸಿತ್ತೆಂಬ ಸಮಜಾಯಿಷಿಯೂ ಯಾವಾಗಲೂ ನಡೆಯದು. ಕಚೇರಿಯ ಕಡತವೊಂದನ್ನು ಹೊರಗೊಯ್ದು ಮತ್ತೆ ತಂದಿಟ್ಟ ಪ್ರಕರಣದಲ್ಲಿ, ನಷ್ಟ ತಾತ್ಕಾಲಿಕವಾದರೂ ಅದು ಕಳವೇ ಎಂದು ಸುಪ್ರೀಂ ಕೋರ್ಟು ಹೇಳಿತು.

ಇನ್ನು ಕಳ್ಳನು ಮನೆಗೇ ಬರಲಿಲ್ಲವೆನ್ನೋಣ. "ಸರವನ್ನು ಇಂಥ ಕಡೆ ತಂದುಕೊಡದಿದ್ದರೆ ನಿಮ್ಮ ಗುಟ್ಟನ್ನು ಬಯಲು ಮಾಡುವೆ" ಎಂದು ಕಾಗದ ಬರೆಯುತ್ತಾನೆ. ಮನೆಯಾಕೆ ಹೆದರಿ ತಾವೇ ಒಯ್ದು ಕೊಡುತ್ತಾರೆ. ಇದು ಸುಲಿಗೆ. ಕಳವಿನಲ್ಲಿ ಕಳ್ಳನ ಕೈ ವಸ್ತುವನ್ನು ತೆಗೆದುಕೊಳ್ಳುತ್ತದೆ. ಸುಲಿಗೆಯಲ್ಲಿ ಕಳೆದುಕೊಳ್ಳುವವರ ಕೈಯೇ ಅದನ್ನು ಕೊಡುತ್ತದೆ. ಒಪ್ಪಿಗೆ ಉಂಟು, ಆದರೆ ಅದು ಭಯದಿಂದ ಹಿಂಡಿ ತೆಗೆದ ಒಪ್ಪಿಗೆ. ಹೆದರಿಸಿದರೂ ಏನೂ ಕೊಡದಿದ್ದರೆ ಸುಲಿಗೆ ಪೂರ್ಣವಾಗದು. ಹಾಗೆ ಹೆದರಿಸಿದ್ದಕ್ಕೆ ಬೇರೆ ಶಿಕ್ಷೆಯುಂಟು.

ದರೋಡೆಗೆ ಸ್ವಂತ ಮೂಲವಿಲ್ಲ. ಅದು ಕಳವಿನಿಂದಲೋ ಸುಲಿಗೆಯಿಂದಲೋ ಹುಟ್ಟಬೇಕು. ಆಕೆ ಸಂಜೆ ನಡೆದು ಬರುತ್ತಿದ್ದಾಗ ಒಬ್ಬನು ಕೈ ತಿರುಚಿ ಸರ ಕಿತ್ತುಕೊಂಡರೆ, ಕಳವು ದರೋಡೆಯಾಯಿತು. ಚಾಕು ತೋರಿಸಿ "ಕೊಡು, ಇಲ್ಲವೆ ಇರಿಯುವೆ" ಎಂದಾಗ ಆಕೆ ಅಲ್ಲೇ ಬಿಚ್ಚಿ ಕೊಟ್ಟರೆ, ಸುಲಿಗೆ ದರೋಡೆಯಾಯಿತು. ಬೆದರಿಸುವವನು ಎದುರಿಗಿರಬೇಕು, ಭಯ ಆ ಕ್ಷಣದ್ದಾಗಿರಬೇಕು, ಕೊಡುವುದೂ ಆಗಲೇ ಆಗಬೇಕು. "ನಾಳೆ ನಿನ್ನ ಮಗನನ್ನು ನೋಡಿಕೊಳ್ಳುತ್ತೇನೆ" ಎಂಬ ಬೆದರಿಕೆ ಎಷ್ಟೇ ಭೀಕರವಾಗಿದ್ದರೂ ಸುಲಿಗೆಯಲ್ಲೇ ನಿಲ್ಲುತ್ತದೆ. ಯಾರನ್ನೂ ನೋಯಿಸದೆ, ತಡೆಯದೆ, ಫಕ್ಕನೆ ಸರ ಕಸಿದು ಓಡುವುದಕ್ಕೆ ಹೊಸ ಸಂಹಿತೆ ಪ್ರತ್ಯೇಕ ಕಲಮನ್ನೇ ಇಟ್ಟಿದೆ.

ವಕೀಲರು ಹೆಚ್ಚು ಕಾದಾಡುವುದು ಇನ್ನೊಂದು ಅಂಶದ ಮೇಲೆ. ಹಿಂಸೆ ನಡೆದದ್ದು ಕಳವಿಗಾಗಿಯೇ, ಅಥವಾ ಕದ್ದದ್ದನ್ನು ಒಯ್ಯುವುದಕ್ಕಾಗಿಯೇ ಆಗಿರಬೇಕು. ಬೆನ್ನಟ್ಟಿದವರಿಗೆ ಕಲ್ಲೆಸೆದು ಕಳ್ಳನು ಸರದೊಡನೆ ಓಡಿದರೆ ದರೋಡೆ. ಸರವನ್ನು ಬೀದಿಯಲ್ಲೇ ಎಸೆದು, ಕೇವಲ ತಾನು ಸಿಕ್ಕಿಬೀಳದಿರಲೆಂದು ಕಲ್ಲೆಸೆದರೆ ಅದು ದರೋಡೆಯಲ್ಲ. ಕಳವು ಬೇರೆ, ಹಲ್ಲೆ ಬೇರೆ. ಆದುದರಿಂದ ಕಲ್ಲು ಬಿದ್ದಾಗ ಸರ ಯಾರ ಕೈಯಲ್ಲಿತ್ತೆಂಬುದನ್ನು ಸಾಕ್ಷಿ ಹೇಳುವವರು ನೆನಪಿಟ್ಟಿರಬೇಕಾಗುತ್ತದೆ. ಕಳವಿಗೆ ಸಾಮಾನ್ಯವಾಗಿ ಮೂರು ವರ್ಷ, ದರೋಡೆಗೆ ಹತ್ತು ವರ್ಷದವರೆಗೆ ಸೆರೆಯಾದ್ದರಿಂದ ಈ ಭೇದ ಸಣ್ಣದಲ್ಲ.

ಡಕಾಯಿತಿಯೆಂದರೆ ಐವರು ಅಥವಾ ಹೆಚ್ಚು ಮಂದಿ ಕೂಡಿ ಮಾಡಿದ ದರೋಡೆ. ಕುದುರೆ, ಕೋವಿ, ಕಾಡು ಏನೂ ಬೇಡ. ಬೀದಿಯ ತುದಿಯಲ್ಲಿ ನಿಂತು ನೆರವಾಗುವ ಕಾವಲುಗಾರನೂ ಲೆಕ್ಕಕ್ಕೆ ಸೇರುತ್ತಾನೆ. ಬರಿಗೈಯಲ್ಲಿ ಹಿಂದಿರುಗಿದರೂ ಆ ಪ್ರಯತ್ನವೇ ಡಕಾಯಿತಿ. ಶಿಕ್ಷೆ ಜೀವಾವಧಿಯವರೆಗೆ ಏರಬಹುದು. ಆದರೆ ಎಣಿಕೆ ತಪ್ಪಿದರೆ ಮೊಕದ್ದಮೆ ಕುಸಿಯುತ್ತದೆ. ಹೆಸರಿಸಿದ ಐವರಷ್ಟೇ ಬಂದಿದ್ದರೆಂಬ ಆರೋಪದಲ್ಲಿ ಇಬ್ಬರು ಖುಲಾಸೆಯಾದರೆ, ಉಳಿದ ಮೂವರನ್ನು ಡಕಾಯಿತಿಗಾಗಿ ದಂಡಿಸಲಾಗದು, ದರೋಡೆಗಾಗಿ ದಂಡಿಸಬಹುದು. ಗುರುತು ಸಿಗದ ಇನ್ನಿಬ್ಬರು ಇದ್ದದ್ದು ನಿಜವೆಂದು ರುಜುವಾತಾದರೆ ಮಾತ್ರ ಡಕಾಯಿತಿ ನಿಲ್ಲುತ್ತದೆ.

ಅಂದು ನಾನು ಎರಡನೆಯ ದೂರನ್ನು ಬರೆದಾಗ ಅಪರಾಧದ ಹೆಸರನ್ನೇ ಕೈಬಿಟ್ಟೆ. ಮನೆಯವರು ಎಂದು ಹೋದರು, ಎಂದು ಬಂದರು, ಬೀಗ ಹೇಗಿತ್ತು, ಸರದ ತೂಕವೆಷ್ಟು, ಇಷ್ಟೇ ಬರೆದೆ. ಠಾಣೆಯವರು ಓದಿ, ಕಲಮುಗಳನ್ನು ತಾವೇ ಹಾಕಿಕೊಂಡರು.