ಅರವತ್ತು ತುಂಬುವುದು ಯಾವತ್ತು?

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ, ಕಚೇರಿಗಳಲ್ಲಿ ಮೇ 31 ಎಂದರೆ ಬೀಳ್ಕೊಡುಗೆಯ ದಿನ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಅವತ್ತೇ. ಅರವತ್ತರ ದಶಕದಲ್ಲಿ ಹುಟ್ಟಿದ ಬಹಳಷ್ಟು ಜನರ ಜನ್ಮದಿನ ದಾಖಲೆಯಲ್ಲಿ ಜೂನ್ 1 ಎಂದೇ ಇರುವುದು ಇದಕ್ಕೆ ಕಾರಣ. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ನೆನಪಿಲ್ಲದಿದ್ದರೆ ಮೇಷ್ಟ್ರೇ ಒಂದು ತಾರೀಖು ಹಾಕಿಕೊಳ್ಳುತ್ತಿದ್ದ ಕಾಲವದು. ಆದರೆ ಹುಟ್ಟಿದ್ದು ಜೂನ್‌ನಲ್ಲಿ ಎಂದಾದರೆ ನಿವೃತ್ತಿ ಜೂನ್ 30ಕ್ಕೆ ಆಗಬೇಕಲ್ಲ, ಮೇ 31ಕ್ಕೆ ಏಕೆ?

ಕಾನೂನಿನ ಲೆಕ್ಕದಲ್ಲಿ ಹುಟ್ಟಿದ ದಿನವೂ ಒಂದು ಪೂರ್ತಿ ದಿನ. 1965ರ ಜೂನ್ 1ರಿಂದ ಎಣಿಸಿದರೆ ಅರವತ್ತನೆಯ ವರ್ಷದ ಕೊನೆಯ ದಿನ 2025ರ ಮೇ 31. ಅಂದರೆ ಹುಟ್ಟುಹಬ್ಬದ ಹಿಂದಿನ ದಿನವೇ ವಯಸ್ಸು ತುಂಬುತ್ತದೆ. ಸುಪ್ರೀಂ ಕೋರ್ಟ್ 1986ರಲ್ಲಿ ಪ್ರಭು ದಯಾಳ್ ಸೆಸ್ಮಾ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. 1956ರ ಜನವರಿ 2ರಂದು ಹುಟ್ಟಿದ್ದ ಆ ಅಭ್ಯರ್ಥಿಗೆ 1984ರ ಜನವರಿ 1ಕ್ಕೆ ಇಪ್ಪತ್ತೆಂಟು ತುಂಬಿರಬಾರದು ಎಂಬ ನಿಯಮವಿತ್ತು. ತುಂಬಿಯೇ ಬಿಟ್ಟಿದೆ ಎಂದಿತು ಕೋರ್ಟು. ಒಂದೇ ದಿನದಲ್ಲಿ ರಾಜಸ್ಥಾನದ ಆಡಳಿತ ಸೇವೆಯ ಅವಕಾಶ ತಪ್ಪಿತು.

ಈಗ ಆ ಜೂನ್ 1ರ ಮೇಷ್ಟ್ರನ್ನೇ ಬ್ಯಾಂಕಿಗೆ ಕಳಿಸಿ ನೋಡೋಣ. 2025ರ ಮೇ 31 ಶನಿವಾರ, ಅದೂ ಐದನೆಯ ಶನಿವಾರವಾದ್ದರಿಂದ ಬ್ಯಾಂಕು ತೆರೆದಿತ್ತು. ಸಮಾರಂಭ ಮುಗಿಸಿ, ಕೈಯಲ್ಲಿದ್ದ ಹತ್ತು ಲಕ್ಷವನ್ನು ಐದು ವರ್ಷಕ್ಕೆ ಎಫ್‌ಡಿ ಇಡಲು ಹೋದರು ಎಂದುಕೊಳ್ಳಿ. ಕಾನೂನಿನ ಪ್ರಕಾರ ಅವರಿಗೆ ಅವತ್ತೇ ಅರವತ್ತು ತುಂಬಿದೆ. ಬ್ಯಾಂಕಿನ ಕಂಪ್ಯೂಟರ್ ಕೋರ್ಟಿನ ತೀರ್ಪನ್ನು ಓದಿಕೊಂಡಿರುವುದಿಲ್ಲ. ಅದು ಸಾಮಾನ್ಯವಾಗಿ ಇವತ್ತಿನ ತಾರೀಖಿನಿಂದ ಹುಟ್ಟಿದ ತಾರೀಖನ್ನು ಕಳೆದು ಐವತ್ತೊಂಬತ್ತು ಎನ್ನುತ್ತದೆ, ಸಾಮಾನ್ಯ ಬಡ್ಡಿ ದರವನ್ನೇ ಹಾಕುತ್ತದೆ. ಕೌಂಟರಿನಲ್ಲಿ ನಿಂತು ತೀರ್ಪಿನ ಮೇಲೆ ವಾದ ಮಾಡುವುದಕ್ಕಿಂತ ಸೋಮವಾರ, ಜೂನ್ 2ರಂದು ಮತ್ತೆ ಬರುವುದು ಲೇಸು.

ಆ ಎರಡು ದಿನಕ್ಕೆ ಇರುವ ಬೆಲೆ ಸಣ್ಣದಲ್ಲ. ಹಿರಿಯ ನಾಗರಿಕರಿಗೆ ಬ್ಯಾಂಕುಗಳು ಹೆಚ್ಚಾಗಿ ಶೇ. 0.50ರಷ್ಟು ಬಡ್ಡಿ ಸೇರಿಸಿ ಕೊಡುತ್ತವೆ. ಠೇವಣಿ ಶುರುವಾದ ದಿನ ಯಾವ ದರವಿತ್ತೋ ಅದೇ ಕೊನೆಯವರೆಗೆ ನಡೆಯುತ್ತದೆ. ಮರುದಿನ ಅರವತ್ತು ತುಂಬಿದರೂ ಹಳೆಯ ಎಫ್‌ಡಿಯ ದರ ತಾನಾಗಿ ಏರುವುದಿಲ್ಲ. ಸಾಮಾನ್ಯ ದರ ಶೇ. 6.5 ಎಂದಿಟ್ಟುಕೊಂಡರೆ ಹಿರಿಯರಿಗೆ ಶೇ. 7. ಹತ್ತು ಲಕ್ಷಕ್ಕೆ ವರ್ಷಕ್ಕೆ ಐದು ಸಾವಿರ ರೂಪಾಯಿ ವ್ಯತ್ಯಾಸ, ಐದು ವರ್ಷಕ್ಕೆ ಇಪ್ಪತ್ತೈದು ಸಾವಿರ.

ಹಾಗಾದರೆ ಎಷ್ಟು ದಿನ ಕಾಯಬಹುದು? ಉಳಿತಾಯ ಖಾತೆಯಲ್ಲಿ ಶೇ. 2.5 ಸಿಗುತ್ತದೆ ಎಂದರೆ, ಎಫ್‌ಡಿಗೆ ಹಾಕದೆ ಬಿಟ್ಟ ಹತ್ತು ಲಕ್ಷದ ಮೇಲೆ ದಿನಕ್ಕೆ ಸುಮಾರು 110 ರೂಪಾಯಿ ನಷ್ಟ. ಒಂದು ತಿಂಗಳು ಕಾದರೂ ಮೂರು ಸಾವಿರದ ಮುನ್ನೂರು. ಇಪ್ಪತ್ತೈದು ಸಾವಿರದ ಮುಂದೆ ಅದು ಲೆಕ್ಕಕ್ಕಿಲ್ಲ. ಎಫ್‌ಡಿಯನ್ನು ಏಳು ದಿನಕ್ಕೂ ಇಡಬಹುದಾದ್ದರಿಂದ, ನಡುವಿನ ವಾರಗಳಿಗೆ ಒಂದು ಪುಟ್ಟ ಠೇವಣಿ ಮಾಡಿದರೆ ನಷ್ಟ ಇನ್ನೂ ಕಡಿಮೆ. ಆದರೆ ಆರು ತಿಂಗಳು ಕಾಯುವ ಧೈರ್ಯವನ್ನು ನಾನಂತೂ ಹೇಳಲಾರೆ. 2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಮ್ಮೆಲೇ ಶೇ. 0.50 ಇಳಿಸಿತು. ರೆಪೊ ಇಳಿದರೆ ಬ್ಯಾಂಕುಗಳೂ ಹಿಂದೆಯೇ ಠೇವಣಿ ದರ ಇಳಿಸುತ್ತವೆ. ಅರ್ಧ ಶೇಕಡಾ ಹೆಚ್ಚು ಸಿಗಲಿ ಎಂದು ಕಾದವರಿಗೆ ಮೂಲ ದರವೇ ಕೆಳಗೆ ಹೋದರೆ ಕಾದದ್ದು ದಂಡ.

ಹೆಚ್ಚು ಜನ ಕಳೆದುಕೊಳ್ಳುವುದು ಮಾತ್ರ ಹೊಸ ಠೇವಣಿಯಲ್ಲಲ್ಲ, ತಾನಾಗಿ ನವೀಕರಣವಾಗುವ ಹಳೆಯ ಠೇವಣಿಯಲ್ಲಿ. ಮೇಷ್ಟ್ರ ಹಳೆಯ ಐದು ವರ್ಷದ ಎಫ್‌ಡಿ ಮೇ 28ಕ್ಕೆ ಮುಗಿದು, ಅವರು ಯಾವ ಸೂಚನೆಯನ್ನೂ ಕೊಡದಿದ್ದರೆ, ಅದೇ ದಿನ ಅದು ಮತ್ತೆ ಐದು ವರ್ಷಕ್ಕೆ ಸಾಮಾನ್ಯ ದರದಲ್ಲಿ ಕೂತುಬಿಡಬಹುದು. ಇದನ್ನು ಪತ್ತೆ ಮಾಡಲು ಠೇವಣಿ ರಸೀತಿಯಲ್ಲಿ ನಮೂದಾದ ಬಡ್ಡಿಯನ್ನು ಬ್ಯಾಂಕಿನ ದರಪಟ್ಟಿಯ ಎರಡು ಸಾಲುಗಳ ಜೊತೆ ಹೋಲಿಸಿದರೆ ಸಾಕು. ಬೇಗ ಕಣ್ಣಿಗೆ ಬಿದ್ದರೆ ಪರಿಹಾರವೂ ಸುಲಭ. ಏಳು ದಿನದೊಳಗೆ ಮುರಿದರೆ ಆ ಠೇವಣಿಗೆ ಬಡ್ಡಿ ಸಿಗುವುದಿಲ್ಲ. ಮೇ 28ರಿಂದ ಜೂನ್ 2ರವರೆಗೆ ಐದು ದಿನಕ್ಕೆ ಹತ್ತು ಲಕ್ಷದ ಮೇಲೆ ಹೋಗುವುದು ಸುಮಾರು 900 ರೂಪಾಯಿ. ಅಷ್ಟನ್ನು ಬಿಟ್ಟು ಹೊಸ ದರಕ್ಕೆ ಮತ್ತೆ ಇಡಬಹುದು. ವರ್ಷಗಟ್ಟಲೆ ನಡೆದ ಠೇವಣಿಯಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅವಧಿಗೆ ಮುನ್ನ ಮುರಿದರೆ ದಂಡ ಉಂಟು, ಹಳೆಯ ದರವೇ ಇವತ್ತಿನ ಹಿರಿಯರ ದರಕ್ಕಿಂತ ಹೆಚ್ಚಿರಲೂಬಹುದು.

ಕಂಪ್ಯೂಟರ್ ನೋಡುವುದು ತನ್ನ ಕಡತದಲ್ಲಿರುವ ಜನ್ಮದಿನಾಂಕವನ್ನು ಮಾತ್ರ. ಮೊದಮೊದಲು ಬಂದ ಆಧಾರ್ ಕಾರ್ಡುಗಳಲ್ಲಿ ಹಲವರಿಗೆ ಹುಟ್ಟಿದ ವರ್ಷವಷ್ಟೇ ಇದೆ, ತಾರೀಖಿಲ್ಲ. ಆಧಾರಿನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಇರುವವರೂ ಇದ್ದಾರೆ. ಅರವತ್ತಕ್ಕೆ ಕೆಲವು ತಿಂಗಳಿರುವಾಗಲೇ ಶಾಖೆಗೆ ಹೋಗಿ ಗ್ರಾಹಕರ ದಾಖಲೆಯಲ್ಲಿ ಯಾವ ತಾರೀಖಿದೆ ಎಂದು ಕೇಳಿಕೊಳ್ಳಬೇಕು. ಜಂಟಿ ಠೇವಣಿಯಾದರೆ ಮೊದಲ ಹೆಸರಿನವರ ವಯಸ್ಸೇ ಲೆಕ್ಕಕ್ಕೆ ಬರುವುದರಿಂದ ಹೆಸರುಗಳ ಕ್ರಮವೂ ಮುಖ್ಯ. ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗರ ಅನಿವಾಸಿ ಖಾತೆಗಳಿಗೆ ವಯಸ್ಸೆಷ್ಟಾದರೂ ಈ ಹೆಚ್ಚುವರಿ ಬಡ್ಡಿ ಇಲ್ಲ. ಅದು ದೇಶದಲ್ಲೇ ವಾಸವಿರುವವರಿಗೆ. ಫೆಬ್ರವರಿ 29ರಂದು ಹುಟ್ಟಿದವರು ಮಾತ್ರ ನಿಶ್ಚಿಂತರು. 1964ಕ್ಕೆ ಅರವತ್ತು ಸೇರಿಸಿದರೆ 2024, ಅದೂ ಅಧಿಕ ವರ್ಷವೇ.

ಆದಾಯ ತೆರಿಗೆಗೆ ಇಷ್ಟು ಬಿಗಿ ಇಲ್ಲ. ಹಣಕಾಸು ವರ್ಷದ ಯಾವುದೇ ದಿನ ಅರವತ್ತು ತುಂಬಿದರೂ ಇಡೀ ವರ್ಷಕ್ಕೆ ಹಿರಿಯರು. ನಮ್ಮ ಮೇಷ್ಟ್ರು 2025ರ ಏಪ್ರಿಲ್‌ನಿಂದಲೇ ಆ ಲೆಕ್ಕಕ್ಕೆ ಬರುತ್ತಾರೆ. ಏಪ್ರಿಲ್ 1ರಂದು ಹುಟ್ಟಿದವರ ಗೊಂದಲವನ್ನು ತೆರಿಗೆ ಮಂಡಳಿ 2016ರಲ್ಲೇ ಸುತ್ತೋಲೆ ಹೊರಡಿಸಿ ಬಗೆಹರಿಸಿತು. ಅವರಿಗೆ ಮಾರ್ಚ್ 31ಕ್ಕೇ ವಯಸ್ಸು ತುಂಬುತ್ತದೆ, ಒಂದು ದಿನದ ದೆಸೆಯಿಂದ ಇಡೀ ಹಿಂದಿನ ವರ್ಷದ ಸೌಲಭ್ಯ ಸಿಗುತ್ತದೆ.

ಪ್ರಯಾಣದ ವಿಷಯಕ್ಕೆ ಬಂದರೆ, ನಮ್ಮ ಸಾರಿಗೆ ನಿಗಮದ ಬಸ್ಸುಗಳಲ್ಲಿ ರಾಜ್ಯದ ಹಿರಿಯರಿಗೆ ಅರವತ್ತು ತುಂಬಿದ ಮೇಲೆ ಟಿಕೆಟ್ ದರದಲ್ಲಿ ಶೇ. 25 ರಿಯಾಯಿತಿ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಇದರ ಗೊಡವೆ ಇಲ್ಲ. ಗಂಡಸರು ವಯಸ್ಸು ತೋರಿಸುವ ಗುರುತಿನ ಚೀಟಿಯನ್ನು ಕಂಡಕ್ಟರಿಗೆ ತೋರಿಸಬೇಕು. ವಿಮಾನದಲ್ಲಿ ಹಿರಿಯರ ದರ ಕೊಡುವ ಏರ್ ಇಂಡಿಯಾ ಪ್ರಯಾಣ ಶುರುವಾಗುವ ದಿನದ ವಯಸ್ಸನ್ನು ನೋಡುತ್ತದೆ. ಜೂನ್ 10ರ ಪ್ರಯಾಣಕ್ಕೆ ಏಪ್ರಿಲ್‌ನಲ್ಲೇ ಹಿರಿಯರ ಟಿಕೆಟ್ ತೆಗೆದುಕೊಂಡರೂ ತಪ್ಪಿಲ್ಲ.

ರೈಲಿನಲ್ಲಿ ಗಂಡಸರಿಗೆ ಅರವತ್ತಕ್ಕೆ ಶೇ. 40, ಹೆಂಗಸರಿಗೆ ಐವತ್ತೆಂಟಕ್ಕೇ ಶೇ. 50 ರಿಯಾಯಿತಿ ಇತ್ತು. ಕೋವಿಡ್ ಹೆಸರಿನಲ್ಲಿ 2020ರ ಮಾರ್ಚ್ 20ರಿಂದ ಅದು ನಿಂತುಹೋಯಿತು. ಉಳಿದಿರುವುದು ಕೆಳಗಿನ ಬರ್ತಿನ ಕೋಟಾ. ಅದಕ್ಕೆ ಗಂಡಸರಿಗೆ ಅರವತ್ತು ಬೇಕು, ಹೆಂಗಸರಿಗೆ ನಲವತ್ತೈದೇ ಸಾಕು. ಹಾಗಾಗಿ ಟಿಕೆಟ್ ಬುಕ್ ಮಾಡುವ ಮಗನೋ ಮೊಮ್ಮಗನೋ ವಯಸ್ಸಿನ ಜಾಗದಲ್ಲಿ ಅಂದಾಜಿನ ಮೇಲೆ ಒಂದು ಸಂಖ್ಯೆ ಹಾಕಿ ಮುಂದೆ ಹೋದರೆ ಅಜ್ಜ ಮೇಲಿನ ಬರ್ತಿಗೆ ಹತ್ತಬೇಕಾದೀತು.