ಅಪ್ಪನಿಗೆ ಸೊಸೈಟಿ ಬೈಲಾ ತಿಳಿಸಿದ ಕಾಗದ

ಅಪ್ಪಾ,

ನಿಮ್ಮ ಡೊಂಬಿವಲಿ ಸೊಸೈಟಿಯ ಬೈಲಾ ಪೂರ್ತಿ ಓದಿದೆ. ಅದು ಮಹಾರಾಷ್ಟ್ರದ ಮಾದರಿ ಬೈಲಾವೇ. ನಿಮಗೆ ಸದ್ಯ ಬೇಕಾದದ್ದು ಎರಡೇ ವಿಷಯ.

ಮೊದಲನೆಯದು ನಾಮಿನೇಶನ್. ಅರ್ಜಿಯನ್ನು ಮೂರು ಪ್ರತಿಯಲ್ಲಿ ತುಂಬಿ ಕಾರ್ಯದರ್ಶಿಗೆ ಕೊಡಬೇಕು. ಮೊದಲ ಸಲ ಶುಲ್ಕವಿಲ್ಲ. ಸಮಿತಿ ಅದನ್ನು ರಿಜಿಸ್ಟರಿನಲ್ಲಿ ದಾಖಲಿಸಿದ ಮೇಲೆ ಒಂದು ಪ್ರತಿ ನಿಮಗೆ ವಾಪಸ್ ಬರುತ್ತದೆ; ಅದು ಕೈಸೇರುವವರೆಗೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಇನ್ನೊಂದು ಮಾತು: ನಾಮಿನಿಯಾಗಿ ನನ್ನ ಹೆಸರು ಬರೆದ ಮಾತ್ರಕ್ಕೆ ಮನೆ ನನ್ನದಾಗುವುದಿಲ್ಲ. ಸೊಸೈಟಿ ನಾಮಿನಿಯನ್ನು ತಾತ್ಕಾಲಿಕ ಸದಸ್ಯರನ್ನಾಗಿ ಮಾತ್ರ ಸೇರಿಸಿಕೊಳ್ಳುತ್ತದೆ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ತಮ್ಮನಿಗೂ ನನಗೂ ನಾಳೆ ಮನಸ್ತಾಪ ಬರಬಾರದೆಂದರೆ ವಿಲ್ ಬೇಕೇ ಬೇಕು.

ಎರಡನೆಯದು, ನೀವು ಧಾರವಾಡಕ್ಕೆ ಬಂದು ಮನೆಯನ್ನು ಬಾಡಿಗೆಗೆ ಕೊಟ್ಟರೆ ಕಟ್ಟಬೇಕಾದ ನಾನ್-ಆಕ್ಯುಪೆನ್ಸಿ ಶುಲ್ಕ. ಅದು ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚಿರಕೂಡದು. ಬಿಲ್ಲಿನಲ್ಲಿ ಸೇವಾ ಶುಲ್ಕ 1,500 ರೂಪಾಯಿ ಇದ್ದರೆ 150 ಅಷ್ಟೇ. ಒಟ್ಟು ಬಿಲ್ಲಿನ ಮೇಲೆ ಲೆಕ್ಕ ಹಾಕಿದ್ದರೆ ಅದು ತಪ್ಪು. ತಮ್ಮನೇ ಬಂದು ಇದ್ದರೆ ಈ ಶುಲ್ಕವೇ ಇಲ್ಲ.

ಈ ವಾರವೇ ನಾಮಿನೇಶನ್ ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಸಹಿ ಮಾಡಿಸಿಕೊಳ್ಳಿ.

ನಿಮ್ಮ ಮಗಳು